ಕಷ್ಟದ ಪರೀಕ್ಷೆ ಪಾಸಾದ ಆಪ್ತ ಗೆಳೆಯನಿಗೆ ಏನಂತ ಬರೆಯಬೇಕು, ಹೇಗೆ ಮಾತಾಡಬೇಕು

ಫಲಿತಾಂಶದ ಪಟ್ಟಿ ಬಂದಿದೆ. ನಿಮ್ಮ ಗೆಳೆಯನ ನಂಬರ್ ಅದರಲ್ಲಿದೆ. ಫೋನ್ ಕೈಗೆತ್ತಿಕೊಂಡು "ಅಭಿನಂದನೆಗಳು" ಅಂತ ಟೈಪ್ ಮಾಡಿದ್ದೀರಿ. ಅದು ಯಾವುದೋ ಕಚೇರಿಯಿಂದ ಬಂದ ಪತ್ರದ ಹಾಗೆ ಕಂಡು ಅಳಿಸಿದ್ದೀರಿ. "ಸೂಪರ್ ಮಗಾ" ಅಂತ ಬರೆದಿರಿ, ಆದರೆ ಅವನು ಹೊಸ ಬೈಕಿನ ಫೋಟೋ ಹಾಕಿದಾಗಲೂ ನೀವು ಬರೆದಿದ್ದು ಅದನ್ನೇ. ಮೂರು ವರ್ಷ ಒದ್ದಾಡಿದವನಿಗೆ ಇಷ್ಟೇನಾ ಅನ್ನಿಸಿ ಅದನ್ನೂ ಅಳಿಸಿದ್ದೀರಿ.

ಈ ಬರಹ ಆ ಗಳಿಗೆಗೆ. ಮೊದಲ ಮೆಸೇಜ್, ಮೊದಲ ಫೋನ್, ಆಮೇಲಿನ ಎರಡು ವಾರ, ಇಷ್ಟನ್ನು ಮಾತ್ರ ನೋಡೋಣ. ಸಹೋದ್ಯೋಗಿಗೋ ಪಕ್ಕದ ಮನೆಯವರಿಗೋ ಅಭಿನಂದನೆ ಹೇಳುವುದು ಬೇರೆ, ಅಲ್ಲಿ ಒಂದು ಸಾಲು ಸಾಕು. ಆಪ್ತರ ವಿಷಯದಲ್ಲಿ ಮಾತ್ರ ಅದೇ ಒಂದು ಸಾಲು ಚುಚ್ಚುತ್ತದೆ. ಆ ದಿನ ಅವನ ಫೋನಿಗೆ ಅದೇ ಪದ ಹತ್ತಾರು ಜನರಿಂದ ಬಂದಿರುತ್ತದೆ. ಅವರಲ್ಲಿ ಜಾಸ್ತಿ ಜನ ನೋಡಿದ್ದು ಫಲಿತಾಂಶವನ್ನು. ಅದಕ್ಕೆ ಮುಂಚಿನದನ್ನು ನೋಡಿದವರು ಮನೆಯವರು ಮತ್ತು ನೀವು. ನೀವು ಏನು ನೋಡಿದಿರಿ ಅನ್ನೋದನ್ನು ಅವನಿಗೆ ಹೇಳಿ. ನಾನು ಮುಂದೆ ಹೇಳುವುದೆಲ್ಲ ಈ ಒಂದು ಮಾತಿನಿಂದಲೇ ಹೊರಡುತ್ತದೆ.

(ನಾನು "ಅವನು" ಅಂತಲೇ ಬರೆಯುತ್ತಾ ಹೋಗುತ್ತೇನೆ, ಉದಾಹರಣೆ ನನ್ನ ಗೆಳೆಯನದ್ದು ಅದಕ್ಕೆ. ಗೆಳತಿಯಾದರೂ ಇದೇ ಮಾತು, "ಕಣೋ" ಜಾಗದಲ್ಲಿ "ಕಣೇ" ಬರುತ್ತದೆ ಅಷ್ಟೆ.)

ಮೊದಲು: ಏನು ಪಾಸಾಗಿದೆ ಅಂತ ತಿಳಿದುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ. ಸ್ಪರ್ಧಾತ್ಮಕ ಪರೀಕ್ಷೆ ಸಾಮಾನ್ಯವಾಗಿ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಪ್ರಿಲಿಮ್ಸ್, ಮೇನ್ಸ್, ಸಂದರ್ಶನ, ದಾಖಲೆ ಪರಿಶೀಲನೆ, ಕೆಲವು ಕಡೆ ವೈದ್ಯಕೀಯ ಪರೀಕ್ಷೆ, ಆಮೇಲೆ ಅಂತಿಮ ಪಟ್ಟಿ. ಹೊರಗಿನವರಿಗೆ ಇದೆಲ್ಲ "ಪಾಸು". ಬರೆಯುವವನಿಗೆ ಒಂದೊಂದು ಹಂತವೂ ಬೇರೆ ಬೇರೆ ಭಾರ.

ಪ್ರಿಲಿಮ್ಸ್ ಮಾತ್ರ ದಾಟಿದ್ದರೆ ಅವನು ಇನ್ನೂ ಓಟದ ಮಧ್ಯದಲ್ಲಿದ್ದಾನೆ. ಎಷ್ಟೋ ಪರೀಕ್ಷೆಗಳಲ್ಲಿ ಆ ಅಂಕ ಮುಂದಕ್ಕೆ ಲೆಕ್ಕಕ್ಕೇ ಬರುವುದಿಲ್ಲ, ಒಳಗೆ ಬಿಡುವುದಕ್ಕೆ ಮಾತ್ರ. ಅಂಥವನಿಗೆ "ಅಧಿಕಾರಿ ಆಗಿಬಿಟ್ಟೆ!" ಅಂತ ಬರೆದರೆ ಅವನ ತಲೆ ಮೇಲೆ ಇನ್ನೊಂದು ಕಲ್ಲು ಇಟ್ಟ ಹಾಗೆ. ಮುಂದಿನ ಹಂತದಲ್ಲಿ ಆಗದಿದ್ದರೆ ಈ ಮಾತನ್ನೂ ಅವನೇ ಹೊರಬೇಕು. ಆಗ ಚಿಕ್ಕದಾಗಿ ಬರೆಯಿರಿ: "ಒಂದು ಗೋಡೆ ದಾಟಿದೆ ಕಣೋ, ಖುಷಿ ಆಯ್ತು. ಮೇನ್ಸ್ ಮುಗಿಯೋವರೆಗೂ ನಾನು ಸುಮ್ನೆ ಫೋನ್ ಮಾಡಿ ತಲೆ ತಿನ್ನಲ್ಲ. ನಿನಗೆ ಮಾತಾಡಬೇಕು ಅನ್ಸಿದ್ರೆ ಯಾವಾಗ ಬೇಕಾದ್ರೂ ಮಾಡು." ಓದುವ ಸಮಯವನ್ನು ಅವನಿಗೇ ಬಿಟ್ಟುಕೊಡುವುದು ಆ ಹಂತದಲ್ಲಿ ದೊಡ್ಡ ಅಭಿನಂದನೆ.

ಅಂತಿಮ ಪಟ್ಟಿಯೇ ಆಗಿದ್ದರೆ ಮನಸ್ಸು ಬಿಚ್ಚಿ ಸಂಭ್ರಮಿಸಿ. ಅಲ್ಲಿ ಹಿಂಜರಿಯಬೇಡಿ. ವೇಟಿಂಗ್ ಲಿಸ್ಟ್ ಆಗಿದ್ದರೆ ನೀವಾಗಿ ಏನೂ ತೀರ್ಮಾನ ಮಾಡಬೇಡಿ. "ಲಿಸ್ಟ್ ನೋಡ್ದೆ, ನಿನಗೆ ಏನನ್ನಿಸ್ತಿದೆ?" ಅಂತ ಕೇಳಿ. ಕೆಲವರಿಗೆ ಅದು ಗೆಲುವು, ಕೆಲವರಿಗೆ ಅದು ಸೋಲಿಗಿಂತ ಹಿಂಸೆ. ಅವನು ಹೇಳಿದ ಮೇಲೆ ನಿಮ್ಮ ದನಿ ಹೊಂದಿಸಿಕೊಳ್ಳಿ.

ಇನ್ನೊಂದು ವಿಷಯ. ಪಟ್ಟಿಯನ್ನು ಅವನಿಗಿಂತ ಮೊದಲು ನೀವೇ ನೋಡಿದ್ದರೆ ಹೆಸರು ನೋಡಿ ನಂಬಬೇಡಿ, ಒಂದೇ ಹೆಸರಿನವರು ಇಬ್ಬರು ಮೂವರು ಇರುತ್ತಾರೆ. ರಿಜಿಸ್ಟರ್ ನಂಬರ್ ಗೊತ್ತಿದ್ದರೆ ಹೊಂದಿಸಿ ನೋಡಿ. ಗೊತ್ತಿಲ್ಲದಿದ್ದರೆ ಫೋನ್ ಮಾಡಿ "ಲಿಸ್ಟ್ ಬಂದಿದೆ, ನಿನ್ನ ನಂಬರ್ ನೋಡ್ಕೋ, ನಾನು ಲೈನಲ್ಲೇ ಇರ್ತೀನಿ" ಅನ್ನಿ. "ನೀನು ಪಾಸು!" ಅಂತ ನೀವು ಕೂಗಿ, ಆಮೇಲೆ ಅದು ಬೇರೆ ಯಾರದ್ದೋ ಹೆಸರು ಅಂತ ಗೊತ್ತಾದರೆ ಆ ಐದು ನಿಮಿಷವನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ.

ಮೊದಲ ಮೆಸೇಜ್: ಮೂರು ಕರಡು

ಈಗ ಒಂದು ನಿಜವಾದ ಪ್ರಸಂಗ ತೆಗೆದುಕೊಳ್ಳುತ್ತೇನೆ. ನನ್ನ ಗೆಳೆಯ ಮೂರನೇ ಸಲಕ್ಕೆ ಆಯ್ಕೆಯಾದವನು. ಮೊದಲ ವರ್ಷ ನಾವಿಬ್ಬರೂ ಒಂದೇ ಕೋಣೆಯಲ್ಲಿ ಓದಿದೆವು. ಆಮೇಲೆ ನಾನು ಕೆಲಸಕ್ಕೆ ಸೇರಿದೆ, ಅವನು ಮುಂದುವರಿಸಿದ. ಎರಡನೇ ಸಲದ ಪಟ್ಟಿಯಲ್ಲಿ ಅವನ ನಂಬರ್ ಇರಲಿಲ್ಲ. ಎರಡು ದಿನ ಫೋನ್ ಎತ್ತಲಿಲ್ಲ. ಮೂರನೇ ದಿನ ರಾತ್ರಿ ಒಂಬತ್ತೂವರೆಗೆ ಅವನೇ ಫೋನ್ ಮಾಡಿ, "ನನ್ನ ಹಳೇ ಉತ್ತರ ಒಂದು ಓದ್ತೀನಿ, ನಿನಗೆ ಎಲ್ಲಿ ಬೋರಾಗುತ್ತೆ ಹೇಳು" ಅಂದ. ವಿಷಯ ನನಗೆ ಗೊತ್ತಿರಲಿಲ್ಲ. ಎಲ್ಲಿ ತಲೆಗೆ ಹೋಗಲಿಲ್ಲವೋ ಅಲ್ಲಿ "ನಿಲ್ಲಿಸು" ಅಂತಿದ್ದೆ. ಅದು ತಿಂಗಳುಗಟ್ಟಲೆ ನಡೆಯಿತು. ಮುಂದಿನ ಸಲದ ಪಟ್ಟಿಯಲ್ಲಿ ಅವನ ನಂಬರ್ ಬಂತು.

ಅವನಿಗೆ ನಾನು ಬರೆದ ಮೊದಲ ಕರಡು ಹೀಗಿತ್ತು:

"ಹೃತ್ಪೂರ್ವಕ ಅಭಿನಂದನೆಗಳು! ನಿನ್ನ ಕಠಿಣ ಪರಿಶ್ರಮಕ್ಕೆ ತಕ್ಕ ಪ್ರತಿಫಲ ಸಿಕ್ಕಿದೆ. ನಿನ್ನ ಮುಂದಿನ ಭವಿಷ್ಯ ಉಜ್ವಲವಾಗಲಿ."

ತಪ್ಪೇನಿಲ್ಲ ಇದರಲ್ಲಿ. ಆದರೆ ಇದನ್ನು ಒಂದು ಸಲ ಹೀಗೆ ಪರೀಕ್ಷಿಸಿ: ಇದನ್ನೇ ಬೇರೆ ಯಾರಿಗಾದರೂ ಕಳಿಸಬಹುದಾ? ಕಳಿಸಬಹುದು, ಒಂದು ಅಕ್ಷರ ಬದಲಾಯಿಸದೆ. ಅಂದರೆ ಇದರಲ್ಲಿ ಅವನೂ ಇಲ್ಲ, ನಾನೂ ಇಲ್ಲ. ಮತ್ತೆ ದಿನವೂ "ಲೋ" ಅಂತ ಕರೆಯುವವನ ಜೊತೆ ಇದ್ದಕ್ಕಿದ್ದ ಹಾಗೆ ಪುಸ್ತಕದ ಕನ್ನಡ ಮಾತಾಡಿದರೆ ಅವನಿಗೆ ನೀವು ಎರಡು ಹೆಜ್ಜೆ ದೂರ ಸರಿದ ಹಾಗೆ ಅನ್ನಿಸುತ್ತದೆ. ಪಾಸಾದ ದಿನ ಜನ ಅವನ ಜೊತೆ ಮಾತಾಡುವ ರೀತಿಯೇ ಬದಲಾಗಿರುತ್ತದೆ, ಕೆಲವರು "ಸರ್" ಅನ್ನಲು ಶುರು ಮಾಡಿರುತ್ತಾರೆ. ನೀವಾದರೂ ನಿನ್ನೆ ಹೇಗೆ ಮಾತಾಡಿದಿರೋ ಹಾಗೇ ಮಾತಾಡಿ.

ಎರಡನೇ ಕರಡು:

"ಲೋ ಮಗಾ!!! ಹೊಡೆದ್ಬಿಟ್ಯಲ್ಲೋ! ನನಗೆ ಗೊತ್ತೇ ಇತ್ತು ನೀನು ಪಾಸಾಗ್ತೀಯ ಅಂತ. ಜೀನಿಯಸ್ ಕಣೋ ನೀನು. ಕೊನೆಗೂ ಆಯ್ತಲ್ಲ! ರ‍್ಯಾಂಕ್ ಎಷ್ಟು? ಪಾರ್ಟಿ ಯಾವಾಗ?"

ದನಿ ಸರಿಯಾಯಿತು. ನಮ್ಮಿಬ್ಬರ ಭಾಷೆ ಬಂತು. ಆದರೆ ಇದರಲ್ಲಿ ನಾಲ್ಕು ಕಡೆ ಮುಳ್ಳಿದೆ.

"ನನಗೆ ಗೊತ್ತೇ ಇತ್ತು." ಇದನ್ನು ನಾನು ಕೆಲವು ವರ್ಷಗಳ ಹಿಂದೆ ಇನ್ನೊಬ್ಬ ಗೆಳತಿಗೆ ಬರೆದಿದ್ದೆ. ತುಂಬಾ ದಿನ ಆದ ಮೇಲೆ ಅವಳು ಮೆತ್ತಗೆ ಹೇಳಿದಳು: "ನನಗೇ ಗೊತ್ತಿರ್ಲಿಲ್ಲ ಕಣೋ. ಪ್ರತಿ ರಾತ್ರಿ ಹೆದರಿಕೊಂಡೇ ಮಲಗ್ತಿದ್ದೆ. ನಿನಗೆ ಹೇಗೆ ಗೊತ್ತಿತ್ತು?" ನಾನು ಅವಳ ಮೇಲಿನ ನಂಬಿಕೆ ಅಂತ ಹೇಳಿದ್ದು ಅವಳಿಗೆ ಅವಳ ಹೆದರಿಕೆಯನ್ನು ಒರೆಸಿ ಹಾಕಿದ ಹಾಗೆ ಕೇಳಿಸಿತ್ತು. ಮೊದಲೇ ಗೊತ್ತಿದ್ದ ಗೆಲುವಾದರೆ ಅಷ್ಟು ಕಷ್ಟಪಟ್ಟಿದ್ದು ಯಾಕೆ? ಅವತ್ತಿನಿಂದ ನಾನು ಆ ಮಾತು ಬಳಸುವುದಿಲ್ಲ. ನಂಬಿಕೆ ಹೇಳಲೇಬೇಕು ಅನ್ನಿಸಿದರೆ "ಏನಾಗುತ್ತೋ ಗೊತ್ತಿರ್ಲಿಲ್ಲ, ಆದ್ರೆ ನೀನು ಬಿಡಲ್ಲ ಅಂತ ಗೊತ್ತಿತ್ತು" ಅನ್ನಿ. ಇದು ನಿಜ ಕೂಡ.

"ಜೀನಿಯಸ್." ಬುದ್ಧಿವಂತಿಕೆಯನ್ನು ಹೊಗಳುವುದಕ್ಕೂ ಮಾಡಿದ ಕೆಲಸವನ್ನು ಹೊಗಳುವುದಕ್ಕೂ ವ್ಯತ್ಯಾಸ ಇದೆ ಅಂತ ಮನಶ್ಶಾಸ್ತ್ರಜ್ಞರಾದ ಕ್ಲಾಡಿಯಾ ಮುಲ್ಲರ್ ಮತ್ತು ಕರೋಲ್ ಡ್ವೆಕ್ 1998ರಲ್ಲಿ ಮಕ್ಕಳ ಜೊತೆ ಮಾಡಿದ ಪ್ರಯೋಗಗಳಲ್ಲಿ ತೋರಿಸಿದರು. "ನೀನು ಬುದ್ಧಿವಂತ" ಅಂತ ಹೊಗಳಿಸಿಕೊಂಡ ಮಕ್ಕಳು ಆಮೇಲೆ ಕಷ್ಟದ ಸಮಸ್ಯೆಗಳು ಎದುರಾಗಿ ಸೋತಾಗ ಬೇಗ ಕುಗ್ಗಿದರು, "ಚೆನ್ನಾಗಿ ಶ್ರಮಪಟ್ಟೆ" ಅನ್ನಿಸಿಕೊಂಡವರು ಅಷ್ಟು ಕುಗ್ಗಲಿಲ್ಲ. ಅವರು ಮಕ್ಕಳು, ನಿಮ್ಮ ಗೆಳೆಯ ದೊಡ್ಡವನು, ಹಾಗಾಗಿ ಅದನ್ನು ಹಾಗೇ ತಂದು ಇಲ್ಲಿ ಅಂಟಿಸಲು ಆಗುವುದಿಲ್ಲ. ಆದರೆ ಎರಡು ಸಲ ಆಯ್ಕೆಯಾಗದವನಿಗೆ ಇದು ತಾನಾಗಿ ಅರ್ಥವಾಗುತ್ತದೆ. ಇವತ್ತು ಜೀನಿಯಸ್ ಆದರೆ ಹೋದ ವರ್ಷ ಏನಾಗಿದ್ದೆ? ಅದೇ ತಲೆ ತಾನೇ?

"ಕೊನೆಗೂ." ಮೂರಕ್ಷರದ ಪದ, ಆದರೆ ಅದು ಹಿಂದಿನ ಎರಡು ಸಲವನ್ನು ಎಣಿಸಿ ತೋರಿಸುತ್ತದೆ. ಅವನು ಬೇಕಾದರೆ "ಕೊನೆಗೂ ಆಯ್ತು" ಅಂತ ನಿಟ್ಟುಸಿರು ಬಿಡಲಿ. ನೀವು ಅನ್ನಬೇಡಿ. ಸಂಬಂಧಿಕರು ಹೇಗೂ ಅಂದಿರುತ್ತಾರೆ.

"ರ‍್ಯಾಂಕ್ ಎಷ್ಟು? ಪಾರ್ಟಿ ಯಾವಾಗ?" ಇವು ಪ್ರಶ್ನೆಗಳು, ಉತ್ತರ ಕೇಳುತ್ತವೆ. ಆ ದಿನ ಅವನು ಉತ್ತರ ಕೊಟ್ಟು ಕೊಟ್ಟು ಸುಸ್ತಾಗಿರುತ್ತಾನೆ. ಅದೂ ಅಲ್ಲದೆ ರ‍್ಯಾಂಕ್ ಕೇಳಿದ ಕೂಡಲೇ ಗೆಲುವು ಅಳತೆಗೆ ಬಿತ್ತು. ಅವನಿಗೆ ಬೇಕಾದ ಹುದ್ದೆ ಆ ರ‍್ಯಾಂಕಿಗೆ ಸಿಗದೇ ಇರಬಹುದು, ಅದು ನಿಮಗೆ ಗೊತ್ತಿಲ್ಲ. ಹೇಳಬೇಕು ಅನ್ನಿಸಿದರೆ ಅವನೇ ಹೇಳುತ್ತಾನೆ.

ಮೂರನೇ ಕರಡು, ಕಳಿಸಿದ್ದು ಇದನ್ನೇ:

"ಲೋ, ಲಿಸ್ಟಲ್ಲಿ ನಿನ್ನ ನಂಬರ್ ನೋಡ್ದೆ. ನಂಬಿಕೆ ಬರದೆ ಇನ್ನೊಂದ್ಸಲ ನೋಡ್ದೆ. ತುಂಬಾ ತುಂಬಾ ಖುಷಿ ಆಯ್ತು ಕಣೋ. ಹೋದ ಸಲ ಲಿಸ್ಟ್ ಬಂದ ಮೂರನೇ ದಿನ ರಾತ್ರಿ ಫೋನ್ ಮಾಡಿ 'ಉತ್ತರ ಓದ್ತೀನಿ, ಎಲ್ಲಿ ಬೋರಾಗುತ್ತೆ ಹೇಳು' ಅಂದೆಯಲ್ಲ, ಬೆಳಗ್ಗೆಯಿಂದ ಅದೇ ನೆನಪಾಗ್ತಿದೆ. ಇವತ್ತು ಮನೆಯವರ ಜೊತೆ ಇರು, ಇದಕ್ಕೆ ಉತ್ತರ ಬರೀಬೇಡ. ನಾಳೆ ರಾತ್ರಿ ಒಂಬತ್ತೂವರೆಗೆ ನಾನೇ ಫೋನ್ ಮಾಡ್ತೀನಿ."

ಇದರೊಳಗೆ ನಾಲ್ಕು ತುಂಡುಗಳಿವೆ. ಸುದ್ದಿ ಸಿಕ್ಕಾಗ ನನಗೆ ಏನಾಯಿತು, ನಾನು ನೋಡಿದ ಒಂದು ದಿನ, ಉತ್ತರ ಬೇಡ ಅನ್ನುವ ಮಾತು, ಮತ್ತೆ ಯಾವಾಗ ಸಿಗುತ್ತೇನೆ ಅನ್ನುವ ಮಾತು. ಕಠಿಣ ಪರಿಶ್ರಮ ಅನ್ನುವ ಪದ ಎಲ್ಲೂ ಇಲ್ಲ, ಆದರೆ ಆ ಪರಿಶ್ರಮ ಆ ಒಂದು ರಾತ್ರಿಯ ಫೋನಿನಲ್ಲೇ ಇದೆ. ಒಂದೇ ನೆನಪು ಸಾಕು. ಮೂರು ನಾಲ್ಕು ನೆನಪು ತುಂಬಿದರೆ ಅದು ಭಾಷಣ ಆಗುತ್ತದೆ.

ಆ ಒಂದು ನೆನಪನ್ನು ಹುಡುಕುವುದು ಹೇಗೆ

ಮೆಸೇಜ್ ಬರೆಯುವ ಮೊದಲು ಐದು ನಿಮಿಷ ಸುಮ್ನೆ ಕೂತು ಯೋಚಿಸಿ. ಅವನು ಓದಿಗಾಗಿ ಏನನ್ನು ಬಿಟ್ಟ? ಬಿಟ್ಟುಬಿಡುತ್ತಾನೇನೋ ಅನ್ನಿಸಿದ ದಿನ ಯಾವುದು, ಆಮೇಲೆ ಹೇಗೆ ಮತ್ತೆ ಕೂತ? ಅವನು ಬಿಟ್ಟು ಬೇರೆ ಯಾರೂ ಮಾಡದ ಯಾವ ಅಭ್ಯಾಸ ನಿಮ್ಮ ಕಣ್ಣಿಗೆ ಬಿದ್ದಿತ್ತು? ಇವುಗಳಲ್ಲಿ ಒಂದಕ್ಕೆ ಉತ್ತರ ಸಿಕ್ಕರೆ ಸಾಕು. ಅದು ಚಿಕ್ಕದಾಗಿದ್ದಷ್ಟೂ ಒಳ್ಳೆಯದು. ಗೋಡೆಯ ಮೇಲೆ ಅವನು ಅಂಟಿಸಿದ್ದ ಚೀಟಿ, ಮದುವೆ ಮನೆಯಲ್ಲಿ ಮೂಲೆಯಲ್ಲಿ ಕೂತು ಹಳೇ ಪ್ರಶ್ನೆಪತ್ರಿಕೆ ಬಿಡಿಸಿದ್ದು, ಪೆನ್ನಿನ ರೀಫಿಲ್‌ಗಳನ್ನು ಎಸೆಯದೆ ಡಬ್ಬಿಯಲ್ಲಿ ಕೂಡಿಟ್ಟಿದ್ದು, ಇಂಥವು.

ಒಂದು ಎಚ್ಚರಿಕೆ ಮಾತ್ರ ಬೇಕು. ಆ ದಿನ ಅವನ ಫೋನ್ ಅವನ ಕೈಯಲ್ಲೇ ಇರುತ್ತದೆ ಅಂತ ಹೇಳಲಾಗುವುದಿಲ್ಲ. ಅಮ್ಮ ಓದುತ್ತಾರೆ, ತಂಗಿ ಜೋರಾಗಿ ಎಲ್ಲರಿಗೂ ಓದಿ ಹೇಳುತ್ತಾಳೆ. ಅವನು ಅತ್ತಿದ್ದು, ಅಪ್ಪನ ಜೊತೆ ಜಗಳ ಆಡಿದ್ದು, ಸಾಲ ಮಾಡಿದ್ದು, ನಿಮಗೆ ಮಾತ್ರ ಹೇಳಿಕೊಂಡಿದ್ದು ಯಾವುದನ್ನೂ ಬರಹದಲ್ಲಿ ಹಾಕಬೇಡಿ. ಮನೆಯವರೆಲ್ಲ ಕೂತಿರುವಾಗ ಜೋರಾಗಿ ಓದಿದರೂ ಅವನಿಗೆ ಮುಜುಗರ ಆಗಬಾರದು. ನನ್ನ ಮೆಸೇಜಿನಲ್ಲಿ "ಎರಡು ದಿನ ಫೋನ್ ಎತ್ತಲಿಲ್ಲ" ಅನ್ನುವುದನ್ನು ಅದಕ್ಕೇ ಬಿಟ್ಟಿದ್ದು. ಅದು ನನಗೂ ಅವನಿಗೂ ಗೊತ್ತು, ಸಾಕು.

ನೆನಪೇ ಇಲ್ಲ, ಈ ಎರಡು ವರ್ಷ ನೀವು ದೂರವೇ ಇದ್ದಿರಿ ಅಂತಾದರೆ ಇಲ್ಲದ್ದನ್ನು ಕಟ್ಟಬೇಡಿ. "ನೀನು ಓದ್ತಿದ್ದಾಗ ನಾನು ಹತ್ತಿರ ಇರ್ಲಿಲ್ಲ, ಅದು ಬೇಜಾರಿದೆ. ಹೇಗೆ ಓದ್ದೆ, ಹೇಗಿತ್ತು ಆ ದಿನಗಳು, ಎಲ್ಲಾ ಕೂತು ಕೇಳಬೇಕು" ಅನ್ನಿ. ಇದೂ ನಿಮ್ಮಿಬ್ಬರದ್ದೇ ಮಾತು, ಬೇರೆ ಯಾರಿಗೂ ಕಳಿಸಲು ಆಗುವುದಿಲ್ಲ.

ಬರಹವಾ, ಧ್ವನಿಯಾ ಅಂತ ಕೆಲವರು ಗೊಂದಲ ಮಾಡಿಕೊಳ್ಳುತ್ತಾರೆ. ದಿನಾ ಮಾತಾಡುವವರಾದರೆ ಒಂದು ಸಲ ಫೋನ್ ಮಾಡಿ, ಎತ್ತದಿದ್ದರೆ ಮತ್ತೆ ಮತ್ತೆ ಹೊಡೆಯದೆ ಮೆಸೇಜ್ ಕಳಿಸಿ. ಉಳಿದವರು ಮೊದಲು ಮೆಸೇಜ್, ಮರುದಿನ ಫೋನ್.

ಫೋನಿನಲ್ಲಿ: ಅವನು ಮತ್ತೊಮ್ಮೆ ಆ ಗಳಿಗೆಗೆ ಹೋಗಲಿ

ಒಳ್ಳೆ ಸುದ್ದಿಯನ್ನು ನಾವು ಹೇಗೆ ಕೇಳಿಸಿಕೊಳ್ಳುತ್ತೇವೆ ಅನ್ನೋದರ ಮೇಲೆ ಮನಶ್ಶಾಸ್ತ್ರಜ್ಞೆ ಶೆಲ್ಲಿ ಗೇಬಲ್ ಮತ್ತು ಜೊತೆಗಾರರು 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅವರು ನೋಡಿದ್ದು ಪ್ರೀತಿಯಲ್ಲಿರುವ, ಮದುವೆಯಾದ ಜೋಡಿಗಳನ್ನು. ಒಳ್ಳೆ ಸುದ್ದಿಗೆ ಬರುವ ಪ್ರತಿಕ್ರಿಯೆಗಳನ್ನು ಅವರು ನಾಲ್ಕು ಬಗೆ ಮಾಡಿದರು. ನನಗೆ ತುಂಬಾ ಉಪಯೋಗಕ್ಕೆ ಬಂದಿದ್ದು ಅದೇ ವಿಂಗಡಣೆ. ಗೆಳೆಯ ಫೋನಿನಲ್ಲಿ "ಲೋ, ಆಯ್ತು ಕಣೋ" ಅಂದಾಗ ನಾಲ್ಕು ಥರ ಉತ್ತರಿಸಬಹುದು:

"ಹೌದಾ? ಎಲ್ಲಿ, ಹೇಗೆ ಗೊತ್ತಾಯ್ತು? ಹೇಳು ಹೇಳು, ಮೊದಲಿಂದ ಹೇಳು!"

"ಓ, ಒಳ್ಳೇದಾಯ್ತು ಬಿಡು."

"ಟ್ರೇನಿಂಗ್ ತುಂಬಾ ಕಷ್ಟ ಅಂತೆ, ಎಲ್ಲೋ ದೂರ ಹಾಕ್ತಾರೆ, ನೋಡ್ಕೋ."

"ಹೌದಾ... ಅಂದ ಹಾಗೆ ನನ್ನ ಆಫೀಸಲ್ಲಿ ಇವತ್ತು ಏನಾಯ್ತು ಗೊತ್ತಾ?"

ಕೊನೆಯ ಎರಡು ಸರಿಯಿಲ್ಲ ಅಂತ ಎಲ್ಲರಿಗೂ ಗೊತ್ತು. ಎಡವುವುದು ಎರಡನೆಯದರಲ್ಲಿ. ಕೆಟ್ಟ ಮನಸ್ಸಿಲ್ಲ, ಖುಷಿಯೂ ಇದೆ, ಆದರೆ ಮಾತು ಅಲ್ಲಿಗೇ ಮುಗಿಯಿತು. ಆ ಅಧ್ಯಯನದಲ್ಲಿ ಮೊದಲನೆಯ ಬಗೆಯ ಪ್ರತಿಕ್ರಿಯೆ ಸಿಗುವ ಜೋಡಿಗಳಲ್ಲಿ ಸಂಬಂಧ ಚೆನ್ನಾಗಿತ್ತು, ಉಳಿದ ಮೂರರ ಜೊತೆ ಹಾಗಿರಲಿಲ್ಲ, "ಒಳ್ಳೇದಾಯ್ತು ಬಿಡು" ಅನ್ನುವುದೂ ಸೇರಿ. ಗೆಳೆತನಕ್ಕೂ ಇದು ಹೊಂದುತ್ತದೆ ಅಂತ ನನ್ನ ಅನುಭವ.

ಹಾಗಾಗಿ ಫೋನಿನಲ್ಲಿ ನಿಮ್ಮ ಕೆಲಸ ಹೊಗಳುವುದಕ್ಕಿಂತ ಜಾಸ್ತಿ ಕೇಳುವುದು. ಅವನಿಂದ ಕಥೆ ಹೊರಡಿಸಿ. "ಲಿಸ್ಟ್ ಓಪನ್ ಮಾಡಿದಾಗ ಎಲ್ಲಿದ್ದೆ?" "ಮೊದಲು ಯಾರಿಗೆ ಹೇಳಿದೆ?" "ಅಮ್ಮ ಏನಂದ್ರು?" "ಯಾವ ಪೇಪರ್ ಬಗ್ಗೆ ಭಯ ಇತ್ತು?" ಇವೆಲ್ಲ ಅವನನ್ನು ಆ ಗಳಿಗೆಗೆ ವಾಪಸ್ ಕರೆದುಕೊಂಡು ಹೋಗುವ ಪ್ರಶ್ನೆಗಳು. "ಸಂಬಳ ಎಷ್ಟು ಬರುತ್ತೆ?" "ಪೋಸ್ಟಿಂಗ್ ಎಲ್ಲಿ?" "ಇನ್ನು ಮದುವೆ ತಾನೇ?" ಇವು ಅವನನ್ನು ಇವತ್ತಿನಿಂದ ಎಳೆದು ನಾಳೆಗೆ ಹಾಕುತ್ತವೆ. ಇವತ್ತಿನ ದಿನವನ್ನು ಅವನು ಇನ್ನೂ ಪೂರ್ತಿ ಅನುಭವಿಸಿಯೇ ಇಲ್ಲ.

ಅವನು ಹೇಳುತ್ತಿರುವಾಗ ಅರ್ಧಕ್ಕೆ ನಿಮ್ಮ ಮಾತು ಸೇರಿಸಬೇಡಿ. ನಡುವೆ ಅವನು ಸುಮ್ಮನಾದರೆ ನೀವೂ ಸುಮ್ಮನಿರಿ. ಆ ಮೌನದ ಆಚೆ ಏನೋ ಮುಖ್ಯವಾದದ್ದು ಬರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನನ್ನ ಗೆಳೆಯ ಆ ರಾತ್ರಿ ಹತ್ತು ನಿಮಿಷ ಲಿಸ್ಟ್, ಅಮ್ಮ, ಅಕ್ಕ ಅಂತೆಲ್ಲ ಹೇಳಿ, ಆಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡದೆ, "ಹೋದ ಸಲದ ಹಾಲ್ ಟಿಕೆಟ್ ಇನ್ನೂ ಪುಸ್ತಕದೊಳಗೇ ಇತ್ತು ಕಣೋ, ಇವತ್ತು ತೆಗೆದು ನೋಡ್ದೆ" ಅಂದ. ನಾನು "ಹೂಂ" ಅಂದೆ ಅಷ್ಟೆ. ಅವನಿಗೆ ಬೇಕಿದ್ದಿದ್ದೂ ಅಷ್ಟೆ.

ಎರಡು ಸಂದರ್ಭ ಬಹಳ ಸಲ ಬರುತ್ತವೆ, ಅದಕ್ಕೆ ತಯಾರಿರಿ. ಒಂದು, ಅವನು "ಏನಿಲ್ಲ ಕಣೋ, ಲಕ್ ಇತ್ತು" ಅನ್ನುತ್ತಾನೆ. "ಹೌದು ಲಕ್ಕು" ಅನ್ನಬೇಡಿ, "ಛೇ, ಲಕ್ ಎಲ್ಲಾ ಇಲ್ಲ" ಅಂತ ವಾದಕ್ಕೂ ಇಳಿಯಬೇಡಿ. "ಇರಬಹುದು. ಆದ್ರೆ ಅಷ್ಟೂ ಉತ್ತರ ಕೇಳಿದವನು ನಾನು" ಅನ್ನಿ. ನಿಮಗೆ ಗೊತ್ತಿರುವ ಒಂದು ಸಂಗತಿಯನ್ನು ಮುಂದಿಟ್ಟರೆ ಸಾಕು, ಅವನು ವಿನಯ ಬಿಡಬೇಕಿಲ್ಲ, ನೀವು ಸುಳ್ಳು ಹೇಳಬೇಕಿಲ್ಲ.

ಇನ್ನೊಂದು, ಅವನು ಮೆಲ್ಲಗೆ "ಯಾಕೋ ಖುಷಿನೇ ಆಗ್ತಿಲ್ಲ" ಅನ್ನಬಹುದು. ಹೆದರಬೇಡಿ. ವರ್ಷಗಟ್ಟಲೆ ಒಂದೇ ಗುರಿ ಇಟ್ಟುಕೊಂಡವರಿಗೆ ಅದು ಮುಗಿದ ದಿನ ಖಾಲಿ ಖಾಲಿ ಅನ್ನಿಸುವುದುಂಟು. "ಅಯ್ಯೋ, ಖುಷಿಯಾಗಿರೋ!" ಅಂದರೆ ಅವನು ನಿಮ್ಮ ಮುಂದೆಯೂ ನಟಿಸಲು ಶುರು ಮಾಡುತ್ತಾನೆ. "ಆಗದಿದ್ರೂ ಪರವಾಗಿಲ್ಲ ಕಣೋ, ಸುಸ್ತಾಗಿದೀಯ, ಮಲಗು. ನಾಳೆ ಮಾತಾಡೋಣ" ಅನ್ನಿ. ಈ ಭಾವ ವಾರಗಟ್ಟಲೆ ಹೋಗದೆ ಉಳಿದು, ನಿದ್ದೆ ಊಟ ಕೆಟ್ಟಿದೆ ಅನ್ನಿಸಿದರೆ ಆಗ ಜೊತೆಗೆ ಕೂತು ಕೇಳಿ, ವೈದ್ಯರ ಬಳಿ ಹೋಗೋಣ ಅಂತ ಹೇಳಲು ಸಂಕೋಚ ಬೇಡ.

ಅದೇ ಪರೀಕ್ಷೆ ನೀವೂ ಬರೆದು, ನಿಮಗೆ ಆಗದಿದ್ದರೆ

ಇದು ಇಡೀ ವಿಷಯದಲ್ಲೇ ಕಷ್ಟದ ಜಾಗ. ನಾವಿಬ್ಬರೂ ಮೊದಲ ವರ್ಷ ಒಟ್ಟಿಗೆ ಬರೆದಾಗ ಇಬ್ಬರಿಗೂ ಆಗಲಿಲ್ಲ, ಆಗ ಮಾತು ಸುಲಭವಿತ್ತು. ಒಬ್ಬರಿಗೆ ಆಗಿ ಇನ್ನೊಬ್ಬರಿಗೆ ಆಗದಿದ್ದಾಗ ಇಬ್ಬರ ಬಾಯೂ ಕಟ್ಟುತ್ತದೆ. ಅವನು ಪಟ್ಟಿಯಲ್ಲಿ ತನ್ನ ನಂಬರ್ ನೋಡಿದ ಮೇಲೆ ಎರಡನೆಯದಾಗಿ ಹುಡುಕಿದ್ದು ನಿಮ್ಮದನ್ನೇ. ಇಲ್ಲ ಅಂತ ಅವನಿಗೆ ಆಗಲೇ ಗೊತ್ತು. ನಿಮಗೆ ಹೇಗೆ ಫೋನ್ ಮಾಡುವುದು ಅಂತ ಅವನೂ ಒದ್ದಾಡುತ್ತಿರುತ್ತಾನೆ.

ಮೊದಲು ನಿಮಗೆ ಸ್ವಲ್ಪ ಸಮಯ ಕೊಟ್ಟುಕೊಳ್ಳಿ. ಅದೇ ನಿಮಿಷ ಬರೆಯಬೇಕು ಅಂತಿಲ್ಲ. ಕೆಲವು ಗಂಟೆ ಬೇಕಾದರೆ ತೆಗೆದುಕೊಳ್ಳಿ, ಒಂದು ರಾತ್ರಿ ಮಲಗಿ ಎದ್ದರೂ ಸರಿ. ಆದರೆ ಎರಡು ಮೂರು ದಿನ ದಾಟಿಸಬೇಡಿ. ಅಷ್ಟರಲ್ಲಿ ನಿಮ್ಮ ಮೌನಕ್ಕೆ ಅವನ ಮನಸ್ಸಿನಲ್ಲಿ ಬೇರೆ ಅರ್ಥ ಹುಟ್ಟಿರುತ್ತದೆ.

ಬರೆಯುವಾಗ ನಿಮ್ಮ ಸುದ್ದಿಯನ್ನು ಮುಚ್ಚಿಡಬೇಡಿ, ಹರಡಲೂ ಬೇಡಿ. ಅದಕ್ಕೆ ಒಂದೇ ಸಾಲು ಕೊಡಿ:

"ಲೋ, ನಿನ್ನ ನಂಬರ್ ಇದೆ, ನಂದು ಇಲ್ಲ. ನಂದರ ಬಗ್ಗೆ ಇನ್ನೊಂದು ದಿನ ಮಾತಾಡೋಣ, ನೀನು ತಲೆ ಕೆಡಿಸ್ಕೋಬೇಡ. ನಿಂಗೆ ಆಗಿದ್ದು ನಿಜವಾಗ್ಲೂ ಖುಷಿ ಕಣೋ. ಕೊನೇ ತಿಂಗಳು ನೀನು ಕೂತ ರೀತಿ ಪಕ್ಕದಲ್ಲೇ ನೋಡಿದವನು ನಾನು."

ಆ ಒಂದು ಸಾಲು ಇಲ್ಲದೆ ಬರೀ ಸಂಭ್ರಮ ಬರೆದರೆ ಅವನಿಗೆ ಅಪರಾಧಿ ಭಾವ ಜಾಸ್ತಿಯಾಗುತ್ತದೆ, ಇವನು ನನಗಾಗಿ ನಗುತ್ತಿದ್ದಾನೆ ಅಂತ. ಹತ್ತು ಸಾಲು ಬರೆದರೆ ಅವನ ದಿನ ನಿಮ್ಮನ್ನು ಸಮಾಧಾನ ಮಾಡುವುದಕ್ಕೆ ಹೋಗುತ್ತದೆ. ನಿಮಗೆ ಹೊಟ್ಟೆಯೊಳಗೆ ಸಂಕಟ ಇದ್ದರೆ ಅದನ್ನು ಬೇರೆ ಯಾರ ಹತ್ತಿರವಾದರೂ ಹೇಳಿಕೊಳ್ಳಿ, ಇಬ್ಬರಿಗೂ ಪರಿಚಯ ಇಲ್ಲದವರಾದರೆ ಇನ್ನೂ ಒಳ್ಳೆಯದು. ಖುಷಿ ಮತ್ತು ಸಂಕಟ ಎರಡೂ ಒಟ್ಟಿಗೆ ಇರಬಹುದು, ಒಂದು ಇದೆ ಅಂದ ಮಾತ್ರಕ್ಕೆ ಇನ್ನೊಂದು ಸುಳ್ಳಾಗುವುದಿಲ್ಲ.

ಮತ್ತೆ, ಅವತ್ತೇ ಅವನ ನೋಟ್ಸ್ ಕೇಳಬೇಡಿ. ಮುಂದಿನ ಸಲ ಬರೆಯುವವರಿಗೆ ಆ ನೋಟ್ಸ್ ಬೇಕೇ ಬೇಕು, ಅದು ನನಗೂ ಗೊತ್ತು. ಹತ್ತು ದಿನ ಬಿಟ್ಟು ಕೇಳಿ. ಅಷ್ಟರಲ್ಲಿ ಅವನೇ ತಂದುಕೊಟ್ಟರೂ ಕೊಟ್ಟ.

ಗ್ರೂಪು, ಸ್ಟೇಟಸ್, ಫೋಟೋ

ಇದಕ್ಕೆ ಹೆಚ್ಚು ಹೇಳಬೇಕಿಲ್ಲ. ಅವನು ತಾನಾಗಿ ಹೇಳುವವರೆಗೆ ನೀವು ಎಲ್ಲೂ ಹಾಕಬೇಡಿ. ಮನೆಯ ಹಿರಿಯರಿಗೆ ಅವನೇ ಖುದ್ದಾಗಿ ಹೇಳಬೇಕು ಅಂತಿರುತ್ತಾನೆ, ಅವರಿಗೆ ನಿಮ್ಮ ಸ್ಟೇಟಸ್ಸಿನಿಂದ ಗೊತ್ತಾಗಬಾರದು. "ಹಾಕ್ಲಾ?" ಅಂತ ಕೇಳಿ, ಹೂಂ ಅಂದರೆ ಹಾಕಿ. ರಿಜಿಸ್ಟರ್ ನಂಬರ್ ಕಾಣುವ ಪಟ್ಟಿಯ ಫೋಟೋವನ್ನಂತೂ ಹಾಕಬೇಡಿ. ಓದಿನ ಗ್ರೂಪಿನಲ್ಲಿ ಒಂದು ಸಾಲು ಸಾಕು, ಆಗದವರು ಅದೇ ಗ್ರೂಪಿನಲ್ಲಿ ಸುಮ್ಮನೆ ಓದುತ್ತಾ ಕೂತಿರುತ್ತಾರೆ. ಆ ನೆನಪಿನ ಮೆಸೇಜ್ ಅವನಿಗೆ ಮಾತ್ರ, ಖಾಸಗಿಯಾಗಿ.

ಹತ್ತು ಹದಿನೈದು ದಿನ ಆದ ಮೇಲೆ

ಮೊದಲ ವಾರ ಎಲ್ಲರೂ ಇರುತ್ತಾರೆ. ಎರಡನೇ ವಾರಕ್ಕೆ ಫೋನ್ ತಣ್ಣಗಾಗುತ್ತದೆ. ಅವನು ದಾಖಲೆಗಳ ಜೆರಾಕ್ಸ್ ಮಾಡಿಸುತ್ತಾ, ಸಹಿ ಹಾಕಿಸಲು ಅಲೆಯುತ್ತಾ, ಆದೇಶ ಯಾವಾಗ ಬರುತ್ತದೋ ಅಂತ ಕಾಯುತ್ತಾ ಇರುತ್ತಾನೆ. ಅದು ಪಾಸಾದವರು ಯಾರಿಗೂ ಹೇಳಿಕೊಳ್ಳದ ಸಮಯ. ಪಾಸಾದ ಮೇಲೂ ದೂರು ಹೇಳಿದರೆ ಜನ ಏನಂದುಕೊಳ್ಳುತ್ತಾರೋ ಅಂತ. ಆಗ ಒಂದು ಮೆಸೇಜ್ ಕಳಿಸಿ:

"ಏನೋ, ಗಲಾಟೆ ಎಲ್ಲ ಮುಗೀತಾ? ಸರ್ಟಿಫಿಕೇಟ್ ಓಡಾಟ ಇದ್ರೆ ಹೇಳು, ಶನಿವಾರ ಜೊತೆಗೆ ಬರ್ತೀನಿ."

ಇದರಲ್ಲಿ ಅಭಿನಂದನೆಯ ಪದವೇ ಇಲ್ಲ. ನನ್ನ ಗೆಳೆಯ ಇವತ್ತಿಗೂ ನೆನಪಿಟ್ಟಿರುವುದು ಈ ಎರಡನೇ ಮೆಸೇಜನ್ನು. ಮೊದಲನೆಯದು ನೂರರ ನಡುವೆ ಬಂದಿತ್ತು, ಇದು ಒಂದೇ ಬಂದಿತ್ತು ಅಂತ ಅವನೇ ಹೇಳಿದ.

ಸುದ್ದಿ ನಿಮಗೆ ತಿಂಗಳು ತಡವಾಗಿ ಗೊತ್ತಾಗಿದ್ದರೂ ಬರೆಯಿರಿ. ಕ್ಷಮೆ ಕೇಳುವುದಕ್ಕೆ ನಾಲ್ಕು ಸಾಲು ಖರ್ಚು ಮಾಡಬೇಡಿ, ಅವನೇ ನಿಮ್ಮನ್ನು "ಪರವಾಗಿಲ್ಲ ಬಿಡೋ" ಅಂತ ಸಮಾಧಾನ ಮಾಡಬೇಕಾಗುತ್ತದೆ. "ಇವತ್ತು ಗೊತ್ತಾಯ್ತು ಕಣೋ, ತಡ ಆಯ್ತು" ಅಂತ ಒಂದು ಸಾಲು ಹೇಳಿ, ನೇರವಾಗಿ ನಿಮ್ಮ ಆ ಒಂದು ನೆನಪಿಗೆ ಬನ್ನಿ.